ನೂಡಲ್ಸಿನ ಬಟ್ಟಲಲ್ಲಿ ಮಸಾಲೆ ಪೊಟ್ಟಣದ ಪಾಲು

ನಮ್ಮ ಯಜಮಾನರು ಬಸ್ಸಿನ ಡ್ರೈವರು. ಬೆಳಿಗ್ಗೆ ಗದಗಿನಿಂದ ಮುಂಡರಗಿಗೆ ಹೋಗಿ ಬರುವುದು, ಮಧ್ಯಾಹ್ನ ಶಿರಹಟ್ಟಿ ಮೇಲೆ ಹಾಯ್ದು ಲಕ್ಷ್ಮೇಶ್ವರಕ್ಕೆ ಹೋಗಿ ಬರುವುದು, ನಾಲ್ಕೂವರೆಗೆ ಬೆಟಗೇರಿಯ ನಮ್ಮ ಮನೆಯ ಕಟ್ಟೆಗೆ ಚಪ್ಪಲಿ ಬಿಡುವುದು. ಇಪ್ಪತ್ತಾರು ವರ್ಷದಲ್ಲಿ ಅವರ ಗಾಡಿಯ ಕೆಳಗೆ ಒಂದು ಕೋಳಿ ಸಿಕ್ಕಿಲ್ಲ. ಆ ಮಾತನ್ನು ಅವರು ಹೇಳುವಾಗ ನಾನು ಒಳಗೊಳಗೇ ದೇವರಿಗೆ ಕೈ ಮುಗಿಯುತ್ತೇನೆ; ಯಾಕೆಂದರೆ ನಮ್ಮ ಕಡೆಯ ಕೋಳಿಗಳ ಬುದ್ಧಿ ನನಗೆ ಗೊತ್ತು, ಅದರಲ್ಲಿ ಡ್ರೈವರನ ಜಾಣತನಕ್ಕಿಂತ ದೇವರ ಕೆಲಸವೇ ಹೆಚ್ಚಿರಬೇಕು.

ನಾನು ಹೇಳುತ್ತಿರುವುದು ಗದಗ ಜಿಲ್ಲೆಯಾಗಿ ಹನ್ನೆರಡು ಹದಿಮೂರು ವರ್ಷವಾಗಿದ್ದ ಕಾಲದ ಮಾತು. ಆ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಅವರಿಗೆ ಬಿಪಿ ಇದೆ ಎಂದು ಗೊತ್ತಾಯಿತು. ತೂಕ ಎಂಬತ್ನಾಲ್ಕು ಕಿಲೋ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಉಪ್ಪು ಕಡಿಮೆ ಮಾಡಿ ಎಂದರು, ನಾಲ್ಕು ಕಿಲೋ ಇಳಿಸಿ ಎಂದರು. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರಂತೆ. ಆಗಲೂ ಹೀಗೇ ಇದ್ದರೆ ಸ್ಟೀರಿಂಗ್ ಬಿಡಿಸಿ ಡಿಪೋದಲ್ಲಿ ಕೂರಿಸುವ ಕೆಲಸಕ್ಕೆ ಬರೆಯಬೇಕಾಗುತ್ತದಂತೆ.

ಮನೆಗೆ ಬಂದು ಅವರು ಅಂದದ್ದು ಒಂದೇ ಮಾತು. "ನಾ ಕುಂತು ಕೆಲಸಾ ಮಾಡಾಂವಲ್ಲ."

"ಡ್ರೈವರ್ ಮತ್ತೇನ್ ನಿಂತು ಗಾಡಿ ಹೊಡೀತಾನೇನ್ರೀ?" ಅಂದೆ.

ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಆಗ ನನಗೆ ವಿಷಯ ಎಷ್ಟು ದೊಡ್ಡದು ಎಂದು ತಿಳಿಯಿತು.

ಹಿಂದೆ ಇಂಥದ್ದಕ್ಕೆಲ್ಲ ಹುಬ್ಬಳ್ಳಿಗೆ ಓಡಬೇಕಿತ್ತು. ಈಗ ಊರಲ್ಲೇ ದೊಡ್ಡ ಆಸ್ಪತ್ರೆ, ಅದರಲ್ಲಿ ಊಟದ ಬಗ್ಗೆ ಹೇಳಲಿಕ್ಕೇ ಒಬ್ಬ ಮೇಡಂ. ಮುಂಡರಗಿ ಕಡೆಯ ಹುಡುಗಿ, ಮದುವೆಯಾಗಿ ವರ್ಷವೂ ಆಗಿರಲಿಲ್ಲ, ಬಳೆಯ ಸದ್ದು ಇನ್ನೂ ಹೊಸದಿತ್ತು. ಮೇಜಿನ ಮೇಲೆ ಒಂದು ಸಣ್ಣ ತಕ್ಕಡಿ, ಗ್ರಾಮಿನ ಲೆಕ್ಕ ತೋರಿಸುವಂಥದ್ದು. ಆಕೆ ನಮ್ಮವರ ದಿನದ ಊಟವನ್ನು ಕೇಳಿ ಬರೆದುಕೊಂಡಳು. ನಮ್ಮವರು ಎಲ್ಲವನ್ನೂ ಹೇಳಿದರು, ಲಕ್ಷ್ಮೇಶ್ವರ ಸ್ಟ್ಯಾಂಡಿನ ಮಿರ್ಚಿ ಬಜ್ಜಿಯೊಂದನ್ನು ಬಿಟ್ಟು. ನಾನು ಪಕ್ಕದಿಂದ ಅದನ್ನೂ ಹೇಳಿದೆ.

"ದಿನಕ್ಕ ಎಷ್ಟರೀ?" ಎಂದು ಮೇಡಂ ಕೇಳಿದಳು.

"ಎರಡು," ಎಂದರು ಅವರು.

"ಪ್ಲೇಟು," ಎಂದು ನಾನು ಸೇರಿಸಿದೆ.

ಬಜ್ಜಿ ಬಂದ್ ಆಯಿತು. ದಿನಕ್ಕೆ ಒಟ್ಟು ಒಂದು ಸಾವಿರದ ಆರುನೂರು ಕ್ಯಾಲೊರಿ ಎಂದು ಹಾಳೆಯ ಮೇಲೆ ಬರೆದಳು. ಡ್ಯೂಟಿ ಮುಗಿಸಿ ಹಸಿದು ಬರುತ್ತಾರೆಂದು ಸಂಜೆ ನಾಲ್ಕೂವರೆಗೆ ನಾನೂರು ಬಿಟ್ಟು, ರಾತ್ರಿಗೆ ಒಂದೇ ರೊಟ್ಟಿ, ಪಲ್ಯ, ಮಜ್ಜಿಗೆ ಇಟ್ಟಳು. ಆ ನಾನೂರಕ್ಕೆ ಏನು ತಿನ್ನಬಹುದು ಎಂದಾಗ ನಮ್ಮವರು ಸಣ್ಣ ದನಿಯಲ್ಲಿ ಕೇಳಿದರು, "ನೂಡಲ್ಸ್ ನಡೀತೈತೇನ್ರೀ ಮೇಡಂ?"

ನಮ್ಮ ಮಗಳು ಮದುವೆಯಾಗಿ ಹೋಗುವ ಮೊದಲು ಮನೆಗೆ ತಂದ ಚಟ ಅದು. ಅವಳು ಹೋದಳು, ಚಟ ನಮ್ಮವರಲ್ಲಿ ಉಳಿಯಿತು. ಐವತ್ತು ದಾಟಿದ ಗಂಡಸು ಉದ್ದನೆಯ ಎಳೆಯನ್ನು ಸುರ್ರೆಂದು ಎಳೆಯುವುದನ್ನು ಯಾರಾದರೂ ನೋಡಬೇಕು.

ಮೇಡಂ ಅಂದಳು, "ದಿನಾ ಬ್ಯಾಡ್ರಿ. ತಿನ್ನೂದಾದ್ರ ಒಂದ ಪಾಕೀಟು, ಒಂದ ತತ್ತಿ, ಮ್ಯಾಲ ಕಾಯಿಪಲ್ಯ. ಮಸಾಲಿ ಕಡಿಮಿ ಹಾಕ್ರಿ."

ನಮ್ಮವರ ಕಿವಿಗೆ 'ತಿನ್ನೂದಾದ್ರ' ಎಂಬುದು ಬಿತ್ತು, 'ದಿನಾ ಬ್ಯಾಡ್ರಿ' ಎಂಬುದು ಬೀಳಲಿಲ್ಲ. ನನ್ನ ಕಿವಿಗೆ 'ಮಸಾಲಿ ಕಡಿಮಿ' ಎಂಬುದು ಬಿತ್ತು. ಯಾಕೆ ಕಡಿಮೆ ಎಂದು ನಾನು ಕೇಳಲಿಲ್ಲ. ಅಡಿಗೆ ಮಾಡುವವಳು ಅಡಿಗೆಯ ವಿಷಯ ಇನ್ನೊಬ್ಬರನ್ನು ಕೇಳುವುದೇ? ಅಲ್ಲಿಂದಲೇ ನನ್ನ ದಾರಿ ತಪ್ಪಿತು.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಪಾಕೀಟಿನ ಹಿಂಬದಿ ಓದಿದೆ. ಇರುವೆ ಸಾಲಿನಂಥ ಅಕ್ಷರ. ಕ್ಯಾಲೊರಿ ಎಂಬಲ್ಲಿ ನಾನೂರ ಮೂವತ್ತು ಎಂದಿತ್ತು. ನನಗೆ ಕೊಟ್ಟಿರುವುದೇ ನಾನೂರು. ಇದರ ಮೇಲೆ ತತ್ತಿ, ಅದರ ಮೇಲೆ ಗಜ್ಜರಿ, ಬೀನ್ಸು, ಬಟಾಣಿ. ಏನನ್ನು ತೆಗೆಯಲಿ?

ಪಕ್ಕದ ಮನೆಯ ಭಾಬಿ ಕಾಂಪೌಂಡಿನ ಗೋಡೆಗೆ ಆತು ನಿಂತಿದ್ದರು. ಅವರ ಹಿತ್ತಲಲ್ಲಿ ಕೋಳಿ ಇವೆ, ನಮಗೆ ತತ್ತಿ ಅಲ್ಲಿಂದಲೇ. ಅವರಿಗೂ ಓದಿ ಹೇಳಿದೆ.

ಭಾಬಿ ಮಸಾಲೆ ಪೊಟ್ಟಣವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ಅಕ್ಕಾ, ಎಲ್ಲಾ ಕಾರುಭಾರು ಇದರಾಗ ಐತಿ ನೋಡ್ರಿ. ಬಣ್ಣ ಇದರದು, ವಾಸನಿ ಇದರದು, ಬಾಯಾಗ ನೀರು ಬರಸೂದು ಇದು. ಆ ನೂಡಲ್ಸ್ ಗಡ್ಡಿನ್ಯಾಗ ಏನೈತಿ? ಬರೇ ಶ್ಯಾವಿಗಿ."

ಖರೆ ಅನ್ನಿಸಿತು. ನಾವು ಚಿಕ್ಕವರಿದ್ದಾಗಿನಿಂದ ಶ್ಯಾವಿಗೆ ಹೊಸೆದು ಹೊರಸಿನ ಮೇಲೆ ಬಿಸಿಲಿಗೆ ಹಾಕಿ ಒಣಗಿಸಿದವರು. ಅದರಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಅಂಗಡಿಯ ಶ್ಯಾವಿಗೆಯೂ ಎಲ್ಲೋ ದೊಡ್ಡ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿ ಬಂದಿದ್ದು ಎಂದೇ ನನ್ನ ನಂಬಿಕೆ. ನಾನೂರ ಮೂವತ್ತರಲ್ಲಿ ಏನಿಲ್ಲವೆಂದರೂ ಇನ್ನೂರು ಈ ಪೊಟ್ಟಣದ್ದೇ ಎಂದು ತೀರ್ಮಾನ ಮಾಡಿ ಅದನ್ನು ತೆಗೆದಿಟ್ಟೆ. ಇನ್ನೂರು ಹೋಯಿತು, ತತ್ತಿಗೂ ತರಕಾರಿಗೂ ಜಾಗವಾಯಿತು. ಇಂಥ ಸಣ್ಣ ಪೊಟ್ಟಣದಲ್ಲಿ ಕೇಡನ್ನೆಲ್ಲ ಬೇರೆ ಕಟ್ಟಿಟ್ಟು ಕೊಟ್ಟಿದ್ದಾನಲ್ಲ, ಎಂಥ ಕರುಣೆ ದೇವರದು ಎಂದು ಅಂದುಕೊಂಡದ್ದು ನನಗೆ ಇನ್ನೂ ನೆನಪಿದೆ. ಪಾಪ, ಆತನ ಹೆಸರಿನ ಮೇಲೆ ನಾನು ಏನೇನು ಹೊರಿಸಿದ್ದೇನೋ.

ಮೊದಲ ಸಂಜೆ ಬೇಯಿಸಿದ ನೂಡಲ್ಸು ಬಟ್ಟಲಲ್ಲಿ ಬೆಳ್ಳಗೆ ಕುಳಿತಿತ್ತು. ನಮ್ಮವರು ಒಂದು ತುತ್ತು ತಿಂದು ನನ್ನನ್ನೇ ನೋಡಿದರು.

"ಯಾರರೆ ಸತ್ತಾರೇನ್?"

"ಮಸಾಲಿ ಹಾಕಿಲ್ರೀ. ಕ್ಯಾಲೊರಿ."

"ಹಂಗಾದ್ರ ಮಸಾಲಿ ತಿಂದು ಇದನ್ನ ಒಗೀತೀನಿ ತಾ."

ಹಸಿದು ಬಂದ ಗಂಡಸಿನ ಬಟ್ಟಲು ಅರ್ಧಕ್ಕೆ ನಿಂತರೆ ನನಗೆ ತಡೆಯಲಾಗುವುದಿಲ್ಲ. ಮರುದಿನ ಒಲೆಯ ಮೇಲೆ ಬೋಗುಣಿ ಇಟ್ಟು ಎಣ್ಣೆ ಬಿಟ್ಟೆ, ಸಾಸಿವೆ, ಬಳ್ಳೊಳ್ಳಿ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟೆ. ತರಕಾರಿ ಬಾಡಿಸಿದೆ. ಬೆಂದ ನೂಡಲ್ಸನ್ನು ಅದಕ್ಕೆ ಸುರಿದು, ತತ್ತಿ ಒಡೆದು ಹಾಕಿ ಕದಡಿ, ಮೇಲೆ ನಮ್ಮ ಮನೆಯ ಶೇಂಗಾ ಚಟ್ನಿಪುಡಿ ಎರಡು ಚಮಚ ಉದುರಿಸಿದೆ. ಪುಡಿ ಒಣ ಒಣ ಆಗಬಾರದೆಂದು ಅದರ ಮೇಲೆ ಒಂದಿಷ್ಟು ಹಸಿ ಎಣ್ಣೆ. ರೊಟ್ಟಿಯ ಜೊತೆಗೆ ಹಾಗೆ ತಿನ್ನುವುದೇ ನಮ್ಮ ರೂಢಿ. ಶೇಂಗಾ ನಮ್ಮ ಹೊಲದ್ದು, ಕುಟ್ಟಿದ್ದು ನನ್ನ ಕೈ, ಅದರಲ್ಲಿ ಕೇಡು ಹೇಗಿದ್ದೀತು?

ಬಟ್ಟಲು ಖಾಲಿಯಾಯಿತು. ಬೆರಳೂ ಸ್ವಚ್ಛವಾದವು.

ಸೋಮವಾರ ನಮ್ಮಲ್ಲಿ ತತ್ತಿ ಮುಟ್ಟುವುದಿಲ್ಲ. ಶಿವನ ವಾರ. ಆ ದಿನ ತತ್ತಿ ಇಲ್ಲದ ಕೊರತೆಗೆ ಚಟ್ನಿಪುಡಿ ನಾಲ್ಕು ಚಮಚ ಆಗುತ್ತಿತ್ತು. ಶಿವನಿಗೆ ಸಲ್ಲುವುದು ಶಿವನಿಗೆ, ಗಂಡನಿಗೆ ಸಲ್ಲುವುದು ಗಂಡನಿಗೆ ಎಂದು ನನಗೆ ಸಮಾಧಾನ.

ತೆಗೆದಿಟ್ಟ ಪೊಟ್ಟಣಗಳು ಒಂದು ಡಬ್ಬಿಯಲ್ಲಿ ಕೂಡುತ್ತ ಬಂದವು. ಚೆಲ್ಲಲು ಕೈ ಬರಲಿಲ್ಲ. ತಿನ್ನುವ ವಸ್ತುವನ್ನು ತಿಪ್ಪೆಗೆ ಹಾಕಿದರೆ ಅನ್ನಪೂರ್ಣೆ ಏನನ್ನಬೇಡ? ಆದ್ದರಿಂದ ರಾತ್ರಿಯ ಬದನೆಕಾಯಿ ಪಲ್ಯಕ್ಕೋ ಬೇಳೆಗೋ ಒಂದೊಂದು ಪೊಟ್ಟಣ ಒಡೆದು ಹಾಕತೊಡಗಿದೆ. ಪಲ್ಯ ಬಹಳ ರುಚಿಯಾಯಿತು. ನಾವು ಇಬ್ಬರೇ ಇರುವ ಮನೆ. ಕ್ಯಾಲೊರಿ ಇಬ್ಬರಿಗೂ ಹಂಚಿ ಹೋಗುತ್ತದೆ ಎಂದು ನನ್ನ ಲೆಕ್ಕ.

ತಿಂಗಳು ಕಳೆದು ಆಸ್ಪತ್ರೆಗೆ ಹೋದೆವು. ತೂಕದ ಯಂತ್ರದ ಮೇಲೆ ನಮ್ಮವರು ಉಸಿರು ಬಿಗಿಹಿಡಿದು ನಿಂತರು, ಉಸಿರು ಹಿಡಿದರೆ ತೂಕ ಇಳಿಯುತ್ತದೆ ಎಂಬಂತೆ. ಎಂಬತ್ತೈದು ಕಿಲೋ, ಮೇಲೆ ಚಿಲ್ಲರೆ. ಒಂದು ಕಿಲೋ ಏರಿತ್ತು. ಮಾತ್ರೆ ತಪ್ಪಿಸಿರಲಿಲ್ಲ, ಆದರೂ ಬಿಪಿ ಅಂದುಕೊಂಡಷ್ಟು ಇಳಿದಿರಲಿಲ್ಲ. ಮೇಡಂ ರಜೆಯ ಮೇಲಿದ್ದಳು. ಬರುವ ವಾರ ಬನ್ನಿ ಎಂದರು ಅಲ್ಲಿದ್ದವರು.

ಆಸ್ಪತ್ರೆಯ ಗೇಟು ದಾಟುವ ತನಕ ತಡೆದುಕೊಂಡೆ. ಆಮೇಲೆ ಕೇಳಿಯೇಬಿಟ್ಟೆ. "ಖರೆ ಹೇಳ್ರಿ. ಎಷ್ಟ ಬಜ್ಜಿ?"

"ಒಂದೂ ಇಲ್ಲ."

"ದೇವರ ಮುಂದ ಹೇಳ್ತೀರೇನು?"

"ಯಾವ ದೇವರ ಮುಂದ ಬೇಕು ಹೇಳು. ಹಾದ್ಯಾಗ ಶಿರಹಟ್ಟಿ ಬರ್ತೈತಿ, ಲಕ್ಷ್ಮೇಶ್ವರ ಬರ್ತೈತಿ. ನನ್ನ ರೂಟಿನ್ಯಾಗ ದೇವರಿಗೇನ್ ಬರಾ ಇಲ್ಲ."

ಮನೆಗೆ ಬಂದು ದೇವರ ಜಗಲಿಯ ಮುಂದೆ ನಿಂತು, ಕಳೆದ ತಿಂಗಳು ಒಂದು ಬಜ್ಜಿಯನ್ನೂ ತಿಂದಿಲ್ಲವೆಂದು ಕೈ ಮುಗಿದು ಹೇಳಿದರು. ನಾನು ಪಕ್ಕದಲ್ಲಿ ನಿಂತು, ಸ್ವಾಮೀ, ಇದರಲ್ಲಿ ತಪ್ಪು ಯಾರದಿದ್ದರೂ ನೀನೇ ಹಿಡಿದುಕೊಡು ಎಂದು ಬೇಡಿಕೊಂಡೆ. ಬೇಡಿಕೊಳ್ಳುವಾಗ ಆತನಿಗೆ ದಾರಿ ತಪ್ಪಬಾರದೆಂದು ಕಣ್ಣು ನಮ್ಮವರ ಕಡೆ ಮಾಡಿದ್ದೆ.

ದೇವರ ಮೇಲೆ ಭಾರ ಹಾಕಿದರೂ ನನ್ನ ಕೈಲಾದದ್ದನ್ನು ನಾನೂ ಮಾಡಬೇಕಲ್ಲ. ಲಕ್ಷ್ಮೇಶ್ವರದ ಗುಡಿಗೆ ಹೋಗಿ ಬರುತ್ತೇನೆಂದು ಹೇಳಿ ಮರುದಿನ ಅವರದೇ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತೆ. ಸ್ಟ್ಯಾಂಡಿನಲ್ಲಿ ಇಳಿದು, ಗುಡಿಯ ಕಡೆ ಹತ್ತು ಹೆಜ್ಜೆ ಹಾಕಿ, ಬಾಳೆಹಣ್ಣಿನ ಬಂಡಿಯ ಮರೆಯಲ್ಲಿ ನಿಂತೆ. ಬಜ್ಜಿಯ ಬಾಣಲೆ ಸುಂಯ್ ಎನ್ನುತ್ತಿತ್ತು. ನಮ್ಮವರು ಅದರ ಮುಂದೆ ಬಂದು ನಿಂತರು. ಅವರು ಬಜ್ಜಿಯನ್ನು ನೋಡಿದರು. ಇನ್ನಷ್ಟು ನೋಡಿದರು. ನೀರಿನ ಬಾಟಲಿ ಎತ್ತಿ ಗಟಗಟ ಕುಡಿದು ತಿರುಗಿ ಬಂದರು.

ಅವರ ಬಸ್ಸಿನ ಕಂಡಕ್ಟರ್ ಹುಡುಗ ನನ್ನನ್ನು ಗುರುತು ಹಿಡಿದು ಹತ್ತಿರ ಬಂದ. "ಅಕ್ಕಾ, ಗುಡಿ ಆ ಕಡೆ ಐತಿ."

"ಗೊತ್ತೈತಪ್ಪಾ. ಖರೆ ಹೇಳು, ನಿಮ್ಮ ಡ್ರೈವರ್ ಸಾಹೇಬ್ರು ದಿನಾ ಹಿಂಗ ಏನು?"

"ದಿನಾ ಹಿಂಗ. ಬರೇ ವಾಸನಿ ತಗೋತಾರ. ಬಜ್ಜಿಯಾಂವ ವಾಸನಿಗೂ ರೊಕ್ಕ ಹಚ್ಚಬೇಕಂತ ಮಾಡ್ಯಾನ."

ಗುಡಿಗೆ ನಿಜವಾಗಿಯೂ ಹೋಗಿ ಬಂದೆ. ಸುಳ್ಳು ಹೇಳಿ ಬಂದವಳು ಎಂದಾಗಬಾರದು. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಹುಳ. ಇಬ್ಬರೂ ಒಂದೇ ಗಾಡಿಯವರು, ಮೊದಲೇ ಮಾತಾಡಿಕೊಂಡಿದ್ದರೆ?

ಮುಂದಿನ ವಾರ ಮೇಡಂ ಹತ್ತಿರ ಹೋಗುವಾಗ ನಾನು ಸಾಕ್ಷಿ ಸಮೇತ ಹೋದೆ. ಮನೆಯಲ್ಲಿ ಏನೂ ತಪ್ಪಿಲ್ಲವೆಂದು ತೋರಿಸಿಬಿಟ್ಟರೆ ತಪ್ಪು ಹೊರಗಿನದು ಎಂದಾಗುತ್ತದಲ್ಲ. ಕೈಚೀಲದಲ್ಲಿ ಒಡೆಯದ ಒಂದು ನೂಡಲ್ಸ್ ಪಾಕೀಟು, ಒಂದು ತತ್ತಿ, ಹೆಚ್ಚಿದ ತರಕಾರಿಯ ಡಬ್ಬಿ, ಎಣ್ಣೆಯ ಸಣ್ಣ ಬಾಟಲಿ, ಚಟ್ನಿಪುಡಿ, ನಾನು ಅಳೆಯುವ ಚಮಚ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಮೇಡಂ ಕಣ್ಣರಳಿಸಿದಳು. "ಅಕ್ಕಾರ, ಇಲ್ಲೇ ಒಲಿ ಹೂಡೋರೇನು?"

"ನೀವ ನೋಡ್ರಿ ಮೇಡಂ. ಇವರು ಏರಿದ್ದು ನನ್ನ ಅಡಿಗ್ಯಾಗಲ್ಲ. ಮಸಾಲಿ ಪೊಟ್ಟಣಾ ಸೈತ ಹಾಕೂದಿಲ್ಲ ನಾನು. ನಾನೂರ ಮೂವತ್ತರಾಗ ಇನ್ನೂರು ಅಲ್ಲೇ ಕಡದೇನಿ."

ಆಕೆ ಪಾಕೀಟನ್ನು ತಿರುಗಿಸಿ ಓದಿ, ತುಟಿ ಬಿಗಿಹಿಡಿದು, ನನ್ನ ಕಡೆ ಹಿಡಿದಳು. "ಇದರ ಮ್ಯಾಲಿನ ಸಾಲು ಓದ್ರಿ."

ಮೇಲಿನ ಸಾಲಿನಲ್ಲಿ, ನೂರು ಗ್ರಾಂಗೆ ಎಂದಿತ್ತು.

"ಪಾಕೀಟು ಎಷ್ಟ ಗ್ರಾಮಿಂದು?"

ಅದನ್ನೂ ಓದಿದೆ. ಎಪ್ಪತ್ತು.

"ಅಂದ್ರ ಇಡೀ ಪಾಕೀಟಿಗೆ ಮುನ್ನೂರು. ಗಡ್ಡಿ, ಮಸಾಲಿ ಎರಡೂ ಕೂಡಿ."

ನನಗೆ ಸಂತೋಷವಾಯಿತು. ಕೇಳದೆಯೇ ನೂರ ಮೂವತ್ತು ಕಡಿಮೆಯಾಯಿತಲ್ಲ! ನಮ್ಮವರ ಕಡೆ ಗೆದ್ದವಳಂತೆ ನೋಡಿದೆ. ಅಷ್ಟರಲ್ಲಿ ಮೇಡಂ ಪಾಕೀಟು ಒಡೆದು, ಮಸಾಲೆ ಪೊಟ್ಟಣವನ್ನು ಕತ್ತರಿಸಿ ಪುಡಿಯನ್ನು ಕಾಗದದ ಮೇಲೆ ಸುರಿದು ತಕ್ಕಡಿಗೆ ಇಟ್ಟಳು. ಆರು ಗ್ರಾಂ.

"ಅಕ್ಕಾರ, ಈ ಆರು ಗ್ರಾಮು ಬರೇ ಸಕ್ಕರಿ ಇದ್ರೂ ಇಪ್ಪತ್ನಾಲ್ಕು ಕ್ಯಾಲೊರಿ. ಬರೇ ಎಣ್ಣಿ ಇದ್ರೂ ಐವತ್ನಾಲ್ಕು. ಇನ್ನೂರು ಎಲ್ಲಿಂದ ತರೋಣು? ಇದರಾಗ ಹೆಚ್ಚಿಗಿ ಇರೂದು ಉಪ್ಪು. ಉಪ್ಪಿಗೆ ಕ್ಯಾಲೊರಿನ ಇಲ್ಲ. ಉಳದ ಖಾರಾ, ಸಕ್ಕರಿ, ಉಳ್ಳಾಗಡ್ಡಿ ಪುಡಿ ಎಲ್ಲಾ ಸೇರಿ ಹದಿನೈದೋ ಇಪ್ಪತ್ತೋ."

"ಅಷ್ಟ?"

"ಅಷ್ಟ."

"ಉಳದದ್ದು?"

ಆಕೆ ಬೆಳ್ಳನೆಯ ಗಡ್ಡೆಯನ್ನು ಒಂದು ಬಿಳಿ ಕಾಗದಕ್ಕೆ ಒತ್ತಿ ತಿಕ್ಕಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜಿಡ್ಡಿನ ಕಲೆ ಹಪ್ಪಳದಂತೆ ಮೂಡಿತ್ತು. "ಇದು ನಿಮ್ಮ ಶ್ಯಾವಿಗಿ ಹಂಗ ಬಿಸಲಿಗೆ ಒಣಗಿದ್ದಲ್ಲರಿ. ಎಣ್ಣ್ಯಾಗ ಕರದದ್ದು. ಇನ್ನೂರ ಎಂಬತ್ತು ಇದರಾಗ ಕುಂತೈತಿ."

ನಾನು ಆ ಕಾಗದವನ್ನೇ ನೋಡುತ್ತ ಕುಳಿತೆ. ನಮ್ಮವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಅವರ ಮುಖದಲ್ಲಿ ಬೆಳಗಿನ ಮೊದಲ ಟ್ರಿಪ್ಪಿನ ಕಳೆ ಬರತೊಡಗಿತ್ತು.

"ಮೇಡಂ, ತತ್ತಿ ತೂಗ್ರಿ," ಎಂದರು.

ತತ್ತಿ ಎಪ್ಪತ್ತೈದು, ಅದು ಇರಲಿ, ಒಳ್ಳೆಯದು, ಹೊಟ್ಟೆ ತುಂಬಿಸುತ್ತದೆ ಎಂದಳು. ನನ್ನ ಡಬ್ಬಿಯ ತರಕಾರಿಯೆಲ್ಲ ಸೇರಿ ನಲವತ್ತೋ ನಲವತ್ತೈದೋ. "ಇದರ ಎರಡರಷ್ಟು ಹಾಕಿದ್ರೂ ನಾ ಏನೂ ಅನ್ನೂದಿಲ್ಲ." ಮುನ್ನೂರು, ಎಪ್ಪತ್ತೈದು, ನಲವತ್ತೈದು. ನಾನೂರ ಇಪ್ಪತ್ತು.

"ಹತ್ತಿರನ ಬಂತಲ್ಲರಿ," ಎಂದೆ. ಇನ್ನೂ ಆಸೆ ಬಿಟ್ಟಿರಲಿಲ್ಲ.

"ಬಂತು. ಈಗ ಈ ಚಮಚ ಯಾತಕ್ಕ?"

"ಒಗ್ಗರಣಿಗೆ. ಒಂದ ಚಮಚ ಎಣ್ಣಿ."

ನನ್ನ ಚಮಚ ಎಂದರೆ ಬೇಳೆ ಬಡಿಸುವ ಗುಂಡನೆಯ ಚಮಚ. ಆಕೆ ಅದರಲ್ಲಿ ಎಣ್ಣೆ ತುಂಬಿ ತೂಗಿದಳು. ಹದಿನಾಲ್ಕು ಗ್ರಾಂ. "ನೂರ ಇಪ್ಪತ್ತೈದು," ಎಂದಳು. ಚಟ್ನಿಪುಡಿ ಎರಡು ಚಮಚ, ನಾನು ಹಾಕುವಂತೆಯೇ ಗೋಪುರ ಮಾಡಿಸಿ ತೂಗಿದಳು. ಮೂವತ್ತು ಗ್ರಾಂ. "ಶೇಂಗಾ ಅಂದ್ರ ಅರ್ಧ ಎಣ್ಣಿನ. ನೂರೈವತ್ತು." ಮೇಲಿನ ಹಸಿ ಎಣ್ಣೆ ಸ್ವಲ್ಪವೇ ಎಂದೆ. ಸ್ವಲ್ಪವನ್ನೂ ತೂಗಿದಳು. ನಲವತ್ತೈದು.

ಕೂಡಿಸಿದರೆ ಬಟ್ಟಲು ಏಳುನೂರು ದಾಟಿತ್ತು. ನಾನು ಉಳಿಸಿದ್ದು ಹದಿನೈದೋ ಇಪ್ಪತ್ತೋ. ಆ ಉಳಿತಾಯದ ಬದಲಿಗೆ ಮುನ್ನೂರ ಇಪ್ಪತ್ತು ಸುರಿದಿದ್ದೆ.

ಆಮೇಲೆ ನಮ್ಮವರು ಬಹಳ ವಿನಯದಿಂದ ಕೇಳಿದರು, "ಮೇಡಂ, ಸೋಮವಾರ ನಾಕ ಚಮಚ ಚಟ್ನಿ ಇರ್ತೈತಿ. ಅದನ್ನೂ ಬರಕೋತೀರೇನು?"

"ನೀವ ಸುಮ್ಕಿರ್ರಿ," ಎಂದೆ.

"ನಾ ಯಾಕ ಸುಮ್ಕಿರ್ಲಿ? ಒಂದ ತಿಂಗಳಾತು ಬಾಣಲಿ ಮುಂದ ನಿಂತು ನೀರು ಕುಡದೇನಿ. ದೇವರ ಮುಂದ ಕೈ ಮುಗಸ್ಯಾಳ್ರಿ ಮೇಡಂ. ಬಾಳಿಹಣ್ಣಿನ ಬಂಡಿ ಹಿಂದ ನಿಂತು ನೋಡ್ಯಾಳ."

ಮರೆಯಲ್ಲಿ ನಿಂತದ್ದು ಅವರಿಗೆ ಗೊತ್ತಿತ್ತು! ಇಡೀ ವಾರ ಬಾಯಿ ಬಿಟ್ಟಿರಲಿಲ್ಲ.

ಮೇಡಂ ನಗುವನ್ನು ಸೆರಗಿನಿಂದ ಒರೆಸಿಕೊಂಡು ಮತ್ತೊಂದು ಪ್ರಶ್ನೆ ಕೇಳಿದಳು. "ಕ್ಯಾಲೊರಿ ತಿಳೀತು. ಬಿಪಿ ಯಾಕ ಇಳೀವಲ್ಲದು? ಉಪ್ಪಿನ ಪಾಲು ಬಾಳ ಇದ್ದದ್ದು ಈ ಪೊಟ್ಟಣದಾಗ, ಇದನ್ನ ನೀವು ಹಾಕೇ ಇಲ್ಲ. ಚಟ್ನಿಪುಡ್ಯಾಗ ಉಪ್ಪು ಐತಿ ಖರೆ. ಅಷ್ಟರಿಂದನ ಅಂತ ನನಗ ಅನಸವಲ್ಲದು. ಆ ಪೊಟ್ಟಣಾ ಎಲ್ಲಾ ಏನ್ ಮಾಡಿದ್ರಿ ಅಕ್ಕಾರ, ಒಗದ್ರಿಲ್ಲೋ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಇದ್ದಿದ್ದರೆ ಆ ದಿನ ಉಪಯೋಗಕ್ಕೆ ಬರುತ್ತಿತ್ತು.

"ತಿನ್ನೂ ವಸ್ತು ಹೆಂಗ ಒಗೀಲಿ? ರಾತ್ರಿ ಪಲ್ಲೆಕ್ಕ ಹಾಕಿದ್ನಿ."

"ಪಲ್ಲೆಕ್ಕ ಬ್ಯಾರೆ ಉಪ್ಪು ಹಾಕಿದ್ರೋ ಇಲ್ಲೋ?"

"ಹಾಕದ ಹೆಂಗರೀ?"

ನಮ್ಮವರು ಎದ್ದು ನಿಂತುಬಿಟ್ಟರು. "ಅದಕ್ಕ ಬದ್ನಿಕಾಯಿ ಆ ಪರಿ ರುಚಿ ಆಗಿತ್ತೇನು? ನಾ ನಿನ್ನ ಕೈಗುಣಾ ಅಂದುಕೊಂಡಿದ್ನಲ್ಲೇ!"

ತಪ್ಪಿತಸ್ಥರನ್ನು ಹಿಡಿದುಕೊಡು ಎಂದು ಬೇಡಿದ್ದೆ. ದೇವರು ಒಂದು ವಾರದೊಳಗೆ, ಗ್ರಾಮಿನ ಲೆಕ್ಕದಲ್ಲಿ ಹಿಡಿದುಕೊಟ್ಟಿದ್ದ. ಇಷ್ಟು ಬೇಗ ನನ್ನ ಯಾವ ಪ್ರಾರ್ಥನೆಯನ್ನೂ ಆತ ಕೇಳಿದ್ದಿಲ್ಲ. ಆದರೆ ಕುಳಿತಲ್ಲೇ ನನ್ನ ಕಣ್ಣಲ್ಲಿ ನೀರು ಬಂತು. ಇವರ ಸ್ಟೀರಿಂಗಿಗೆ ಎಸರು ಇಟ್ಟವಳು ನಾನು, ನನ್ನ ಕೈಯಿಂದಲೇ, ದಿನವೂ, ಪ್ರೀತಿಯಿಂದ. ಉಳಿದದ್ದು ಎರಡೇ ತಿಂಗಳು, ಅದರಲ್ಲೂ ಒಂದು ವಾರ ಹೋಗಿತ್ತು.

ಮೇಡಂ ನೋಡಿದಳೋ ಏನೋ, ದನಿ ಇಳಿಸಿದಳು. "ಅಕ್ಕಾರ, ನೀವು ಪೊಟ್ಟಣದ ಮ್ಯಾಲ ಸಂಶೇ ಪಟ್ಟದ್ದು ತಪ್ಪಲ್ಲ. ಕಾರಣ ತಪ್ಪು ಹಿಡದ್ರಿ, ಅಷ್ಟ. ಇದು ತೂಕದ ವೈರಿ ಅಲ್ಲ, ಬಿಪಿ ವೈರಿ. ಇಡೀ ದಿನಕ್ಕ ಒಬ್ಬರಿಗೆ ಒಂದ ಸಣ್ಣ ಚಾ ಚಮಚ ಉಪ್ಪು ಸಾಕು. ಈ ಪಾಕೀಟು ಒಂದರಾಗನ ಅರ್ಧಾಕ್ಕ ಅರ್ಧಾ ಮುಗದು ಹೋಗ್ತೈತಿ, ಯಾಕಂದ್ರ ಗಡ್ಡಿನ್ಯಾಗೂ ಒಂದಿಷ್ಟು ಉಪ್ಪು ಇರ್ತೈತಿ. ಅರ್ಧ ಪೊಟ್ಟಣಾ ಹಾಕ್ರಿ, ಉಳದ ಅರ್ಧಾ ಒಗೀರಿ."

"ಒಗೀಬೇಕಾ?"

"ಒಗೀಬೇಕು. ಅನ್ನಪೂರ್ಣೇಶ್ವರಿಗೆ ನಾ ಹೇಳ್ತೀನಿ."

ಹೊಸ ಹಾಳೆ ಬರೆದಳು. ನೂಡಲ್ಸು ದಿನವೂ ಅಲ್ಲ, ವಾರಕ್ಕೆ ಎರಡೇ ಸಲ. ಉಳಿದ ದಿನ ಮೊಳಕೆ ಕಾಳು, ಇಲ್ಲವೇ ತತ್ತಿ ಮತ್ತು ಒಂದು ರೊಟ್ಟಿ. ನೂಡಲ್ಸಿನ ದಿನ ಒಗ್ಗರಣೆ ಇಲ್ಲ. ನೀರಲ್ಲೇ ಬೇಯಿಸಿ, ತತ್ತಿ ಕುದಿಸಿ, ತರಕಾರಿ ಎರಡು ಹಿಡಿ. ಚಟ್ನಿಪುಡಿಗೆ ಸಣ್ಣ ಚಾ ಚಮಚ, ಅದೂ ರೊಟ್ಟಿಯ ದಿನ ಮಾತ್ರ.

ಮನೆಗೆ ಬಂದದ್ದೇ ಭಾಬಿಗೆ ವರದಿ ಕೊಟ್ಟೆ. ಪೊಟ್ಟಣದಲ್ಲಿ ಇಪ್ಪತ್ತೂ ಇಲ್ಲವಂತೆ ಎಂದಾಗ ಅವರು ಕೆನ್ನೆಗೆ ಕೈ ಇಟ್ಟುಕೊಂಡರು. "ಯಾ ಅಲ್ಲಾ! ನಾನೂ ನಮ್ಮ ಮನ್ಯಾಗ ಅದನ್ನ ತಗದು ತುಪ್ಪಾ ಹಾಕಾಕ ಹತ್ತಿದ್ನೆಲ್ಲಾ ಅಕ್ಕಾ!" ಒಂದು ಓಣಿಯ ಎರಡು ಮನೆಗಳನ್ನು ನಾವಿಬ್ಬರು ಸೇರಿ ದಪ್ಪ ಮಾಡುತ್ತಿದ್ದೆವು.

ಆ ಎರಡು ತಿಂಗಳು ನಾನು ಅಡಿಗೆ ಮಾಡಿದ್ದು ಪೂಜೆ ಮಾಡಿದ ಹಾಗೆ. ಭಾನುವಾರ ಮತ್ತು ಗುರುವಾರ ನೂಡಲ್ಸು. ಅರ್ಧ ಪೊಟ್ಟಣ ಹಾಕಿ, ಉಳಿದ ಅರ್ಧವನ್ನು ಮೋರಿಗೆ ಸುರಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತಪ್ಪಾಯಿತು ತಾಯಿ, ಇವರ ಬಿಪಿಗಾಗಿ ಎಂದು ಹೇಳಿಕೊಳ್ಳುತ್ತಿದ್ದೆ. ಬಟ್ಟಲಲ್ಲಿ ಗಜ್ಜರಿ, ಬೀನ್ಸು, ಎಲೆಕೋಸು ಎಷ್ಟಿರುತ್ತಿತ್ತೆಂದರೆ ನಮ್ಮವರು ಚಮಚದಿಂದ ಸರಿಸಿ ಸರಿಸಿ, "ನೂಡಲ್ಸ್ ಎಲ್ಲಿ ಇಳದಾವ? ಯಾವ ಸ್ಟಾಪಿನ್ಯಾಗ?" ಎಂದು ಹುಡುಕುತ್ತಿದ್ದರು. ಪಲ್ಯಕ್ಕೆ ಉಪ್ಪು ಕಡಿಮೆಯಾದ ಮೊದಲ ವಾರ ಇಬ್ಬರಿಗೂ ಬೇಸರ. ಮೂರನೆಯ ವಾರ ಬದನೆಕಾಯಿಗೆ ಬದನೆಕಾಯಿಯದೇ ರುಚಿ ಇದೆ ಎಂದು ಗೊತ್ತಾಯಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗೊತ್ತಾದದ್ದು ಇದು.

ಮರುತಪಾಸಣೆಯ ದಿನ ನಾನೂ ಹೋದೆ. ರಕ್ತಪರೀಕ್ಷೆ ಇದ್ದುದರಿಂದ ಅವರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಏಳೆಂಟು ಜನ ಡ್ರೈವರು, ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಂಡು ಕುಳಿತಿದ್ದರು. ಹೆಂಡತಿಯನ್ನು ಕರೆತಂದವರು ನಮ್ಮವರೊಬ್ಬರೇ. ಅವರು ಒಳಗೆ ಹೋದಾಗ ನಾನು ಜಪಮಾಲೆ ಹಿಡಿದೆ. ಮಂತ್ರದ ಬದಲು ಮುನ್ನೂರು, ಎಪ್ಪತ್ತೈದು, ನಲವತ್ತೈದು ಎಂದೇ ಬಾಯಿಗೆ ಬರುತ್ತಿತ್ತು.

ಅವರು ಹೊರಗೆ ಬಂದಾಗ ಮುಖ ನೋಡಿ ಏನೂ ತಿಳಿಯಲಿಲ್ಲ. ಡ್ರೈವರರ ಮುಖವೇ ಹಾಗೆ, ಬ್ರೇಕು ಹಾಕುವ ತನಕ ಹೇಳುವುದಿಲ್ಲ.

"ಏನಾತ್ರೀ?"

"ಎಂಬತ್ತೊಂದು. ಇನ್ನೊಂದು ಕಿಲೋ ಉಳೀತು."

"ಬಿಪಿ?"

"ನೂರ ಮೂವತ್ನಾಲ್ಕು." ಕೆಳಗಿನದು ಎಂಬತ್ನಾಲ್ಕು ಎಂದರು. "ಡಾಕ್ಟರ್ ಸಹಿ ಮಾಡ್ಯಾರ. ಮಾತ್ರಿ ಬಿಡಬ್ಯಾಡ, ಆ ಒಂದ ಕಿಲೋನೂ ಇಳಸು, ಗಾಡಿ ಹೊಡಿ ಅಂದ್ರು."

ನಾನು ಅಲ್ಲಿಯೇ, ಆಸ್ಪತ್ರೆಯ ಗೋಡೆಗೇ ಕೈ ಮುಗಿದೆ. ದೇವರು ಯಾವ ಗೋಡೆಯ ಹಿಂದೆ ಇರುತ್ತಾನೆಂದು ಯಾರಿಗೆ ಗೊತ್ತು?

ಹಸಿದಿದ್ದರು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಊಟದ ಡಬ್ಬಿ ಬಿಚ್ಚಿದೆ. ಅಂದು ಗುರುವಾರ, ನೂಡಲ್ಸು ಆರಿ ಗಟ್ಟಿಯಾಗಿ ಡಬ್ಬಿಯ ಆಕಾರಕ್ಕೇ ಕೂತಿತ್ತು, ಮೇಲೆ ಎರಡು ಹೋಳು ಮಾಡಿದ ತತ್ತಿ. ಅವರು ಚಮಚದಿಂದ ಕೇಕಿನಂತೆ ಕತ್ತರಿಸಿ ತಿನ್ನತೊಡಗಿದರು. ಪಕ್ಕದ ಬೆಂಚಿನ ಡ್ರೈವರು ಒಬ್ಬ, ಇನ್ನೂ ಒಳಗೆ ಹೋಗಬೇಕಾದವನು, ಕತ್ತು ಚಾಚಿದ.

"ಏನಣ್ಣಾ, ಇದನ್ನ ತಿಂದು ಪಾಸಾದ್ಯಾ?"

"ಇದನ್ನ ತಿಂದ ಫೇಲಾಗಿದ್ನಿ. ಇದನ್ನ ತಿಂದ ಪಾಸಾದ್ನಿ. ನಮ್ಮ ಮನಿಯಾಕಿನ್ನ ಕೇಳು, ಗ್ರಾಮ್ ಲೆಕ್ಕಾ ಹೇಳ್ತಾಳ."

ಒಬ್ಬೊಬ್ಬರೇ ಹತ್ತಿರ ಸರಿದರು. ನಾನೂ ಸೆರಗು ಸರಿಮಾಡಿಕೊಂಡು ಹೇಳಿದೆ: ಗಡ್ಡೆಗೆ ಇನ್ನೂರ ಎಂಬತ್ತು, ಪೊಟ್ಟಣಕ್ಕೆ ಬರೇ ಇಪ್ಪತ್ತು, ಆದರೆ ಉಪ್ಪೆಲ್ಲ ಅದರಲ್ಲಿ, ತತ್ತಿಗೆ ಇಷ್ಟು, ತರಕಾರಿಗೆ ಅಷ್ಟು, ಎಣ್ಣೆಯ ಚಮಚ ಯಾವುದು ಎಂದು ಮೊದಲು ನೋಡಿರಿ. ಅವರು ಶಾಲೆಯ ಹುಡುಗರಂತೆ ಕೇಳಿದರು. ಎಲ್ಲ ಮುಗಿದ ಮೇಲೆ ಹಿರಿಯನೊಬ್ಬ ಮೆಲ್ಲಗೆ ಕೇಳಿದ, "ಅಕ್ಕಾರ, ಒಂದ ಪ್ಲೇಟ್ ಮಿರ್ಚಿ ಬಜ್ಜಿಗೆ ಎಷ್ಟಾಗ್ತಾವರೀ?"

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆಗೆ ಬಾಗಿದರು. ನಮ್ಮವರ ಚಮಚವೂ ನಿಂತಿತು.

"ನನಗ ಈ ಒಂದ ಅಡಿಗಿ ಲೆಕ್ಕಾ ಅಷ್ಟ ಬರ್ತೈತಪ್ಪಾ," ಎಂದೆ. "ಅದನ್ನ ಕಲಿಯೂದ್ರಾಗ ಇವರ ಸ್ಟೀರಿಂಗ್ ಹೋಗತಿತ್ತು."